ಆಗುಂಬೆಗೆ ಯಾವ ತಿಂಗಳು ಹೋಗ್ಬೇಕು? ಮಳೆ ಲೆಕ್ಕ ಬೇರೆ, ಇಂಬಳದ ಲೆಕ್ಕ ಬೇರೆ

ಪ್ರತಿ ವರ್ಷ ಆಗಸ್ಟ್ 15 ಹತ್ರ ಬಂತು ಅಂದ್ರೆ ನಮ್ಮ ತುಮಕೂರಲ್ಲಿ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಮೂರು ದಿನ ರಜ ಸಿಕ್ಕಿದೆ, ಆಗುಂಬೆ ಕಡೆ ಹೋಗ್ಬರೋಣ ಅಂತಿದೀವಿ, ಮಳೆ ಜಾಸ್ತಿ ಇರುತ್ತಾ, ಆ ಜಿಗಣೆ ಕಾಟ ಇರುತ್ತಾ?" ಅಂತ. ಮಳೆನೂ ಇರುತ್ತೆ ಜಿಗಣೆನೂ ಇರುತ್ತೆ ಅಂದ್ರೆ ಮುಖ ಸಣ್ಣ ಮಾಡ್ಕೊಂಡು, ಸರಿ ಹಾಗಾದ್ರೆ ದಸರಾ ರಜಕ್ಕೆ ಹೋಗ್ತೀವಿ ಬಿಡಿ, ಅಷ್ಟೊತ್ತಿಗೆ ಮಳೆ ನಿಂತಿರುತ್ತಲ್ಲ ಅಂತಾರೆ. ಎಡವಟ್ಟಾಗೋದು ಅಲ್ಲೇ. ದಸರಾ ಹೊತ್ತಿಗೆ ಅಲ್ಲಿ ಮಳೆ ಏನೋ ಬಹಳ ಮಟ್ಟಿಗೆ ಇಳಿದಿರುತ್ತೆ, ಇಂಬಳ, ಅಂದ್ರೆ ಆ ಕಾಡಿನ ಜಿಗಣೆ, ಇಳಿದಿರಲ್ಲ. ಎರಡೂ ಒಟ್ಟಿಗೆ ಬಂದು ಒಟ್ಟಿಗೆ ಹೋಗ್ತವೆ ಅಂತ ನಾವು ಅಂದ್ಕೊಂಡಿರ್ತೀವಿ, ಬರೋದು ಹೆಚ್ಚುಕಮ್ಮಿ ಒಟ್ಟಿಗೇನೆ, ಹೋಗೋದು ಮಾತ್ರ ಬೇರೆ ಬೇರೆ ದಿನ. ಇದನ್ನ ನಾನು ಕಲಿತಿದ್ದು ಕಾಲಲ್ಲಿ ರಕ್ತ ಸುರಿಸ್ಕೊಂಡು, ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಮಳೆ ವಿಷಯ. ನಮ್ಮ ಕಡೆಯವರಿಗೆ ಮಲೆನಾಡಿನ ಮಳೆ ಅಂದಾಜಿಗೆ ಸಿಗದೇ ಇರೋದಕ್ಕೆ ಒಂದು ಕಾರಣ ಇದೆ, ನಮ್ಮ ತಲೇಲಿರೋ ಮಳೆಗಾಲನೇ ಬೇರೆ. ತುಮಕೂರು ಜಿಲ್ಲೇಲಿ ಜೂನ್ ಜುಲೈ ಅಂದ್ರೆ ಏನು? ಆಷಾಢದ ಗಾಳಿ. ಒಣಗಾಕಿದ ಬಟ್ಟೆ ಪಕ್ಕದ ಮನೆ ಟೆರೇಸಿಗೆ ಹೋಗೋವಷ್ಟು ಗಾಳಿ ಬೀಸುತ್ತೆ, ಮೋಡ ಕಪ್ಪಗೆ ಓಡ್ತಾನೇ ಇರುತ್ತೆ, ನಾಲ್ಕು ಹನಿ ಉದುರಿಸಿ ಮುಂದಕ್ಕೆ ಹೋಗುತ್ತೆ. ನಮಗೆ ನಿಜವಾದ ಮಳೆ ಬರೋದು ಸೆಪ್ಟೆಂಬರ್ ಅಕ್ಟೋಬರಲ್ಲಿ, ಕೆರೆಗೆ ನೀರು ಬರೋದು ಆಗ್ಲೇ, ರಾಗಿ ತೆನೆ ಕಟ್ಟೋದು ಆ ಮಳೆ ನಂಬ್ಕೊಂಡೇ. ಕೋಲಾರ, ಚಿಕ್ಕಬಳ್ಳಾಪುರದವರದ್ದೂ ಇದೇ ಕಥೆ. ಆ ಆಷಾಢದ ಗಾಳಿ ಇದೆಯಲ್ಲ, ಅದು ಬೇರೆ ಎಲ್ಲಿಂದಲೋ ಬಂದಿದ್ದಲ್ಲ, ಅರಬ್ಬಿ ಸಮುದ್ರದಿಂದ ನೀರು ಹೊತ್ಕೊಂಡು ಬಂದ ಅದೇ ಮುಂಗಾರು ಗಾಳಿನೇ. ದಾರೀಲಿ ಪಶ್ಚಿಮ ಘಟ್ಟ ಅಡ್ಡ ನಿಂತಿದೆ, ಗಾಳಿ ಗೋಡೆ ಹತ್ತೋ ಹಾಗೆ ಮೇಲಕ್ಕೆ ಏರ್ಬೇಕು, ಮೇಲೆ ಹೋದಷ್ಟೂ ತಣ್ಣಗಾಗುತ್ತೆ, ತಣ್ಣಗಾದ ಗಾಳಿ ಅಷ್ಟು ನೀರು ಹಿಡ್ಕೊಳ್ಳೋಕೆ ಆಗದೆ ಅಲ್ಲೇ ಸುರಿದುಬಿಡುತ್ತೆ. ಘಟ್ಟದ ನೆತ್ತಿ ಮೇಲೆ ಕೂತಿರೋ ಊರು ಆಗುಂಬೆ, ಸುರಿಯೋದೆಲ್ಲ ಅದರ ತಲೆ ಮೇಲೆ. ಖಾಲಿ ಆದ ಮೋಡ ಬರೀ ಗಾಳಿ ಹೊತ್ಕೊಂಡು ತರೀಕೆರೆ, ಕಡೂರು, ಅರಸೀಕೆರೆ ದಾಟಿ ನಮ್ಮ ಬಟ್ಟೆ ಹಾರಿಸೋಕೆ ಬರುತ್ತೆ. ಅಂದ್ರೆ ತುಮಕೂರಲ್ಲಿ ಗಾಳಿ ಜೋರಾಗಿ ಬೀಸ್ತಾ ಇದೆ, ಮಳೆ ಮಾತ್ರ ಇಲ್ಲ ಅನ್ನೋ ದಿನಗಳಲ್ಲೇ ಆಗುಂಬೇಲಿ ಮಳೆ ಜಡಿದು ಸುರೀತಿರುತ್ತೆ. ನಮ್ಮೂರಿನ ಆಕಾಶ ನೋಡಿ ಅಲ್ಲಿಗೆ ಹೊರಟ್ರೆ ಮೋಸ ಹೋಗೋದು ಹೀಗೆ.

ಎಷ್ಟು ಮಳೆ ಅನ್ನೋದಕ್ಕೆ ಒಂದೇ ಹೋಲಿಕೆ ಸಾಕು. ತುಮಕೂರಿಗೆ ಇಡೀ ವರ್ಷಕ್ಕೆ ಬೀಳೋದು ಸುಮಾರು 600 ರಿಂದ 700 ಮಿಲಿಮೀಟರ್, ಪಾವಗಡದ ಕಡೆ ಇನ್ನೂ ಕಮ್ಮಿ. ಆಗುಂಬೆಗೆ ವರ್ಷದ ಸರಾಸರಿ 7,000 ದಾಟುತ್ತೆ, ಅದ್ರಲ್ಲಿ ಜುಲೈ ಒಂದೇ ತಿಂಗಳಿಗೆ 2,000ದ ಮೇಲೆ. ನಾವು ವರ್ಷಪೂರ್ತಿ ಕಾಯೋ ಮಳೆನ ಅವರು ಜುಲೈನ ಹತ್ತು ದಿನದಲ್ಲಿ ಮುಗಿಸಿಬಿಡ್ತಾರೆ. 1946ರ ಆಗಸ್ಟಲ್ಲಿ ಅಲ್ಲಿ ಒಂದೇ ತಿಂಗಳಿಗೆ 4,508 ಮಿಲಿಮೀಟರ್ ಬಿದ್ದ ದಾಖಲೆ ಇದೆ, ಅದು ನಮ್ಗೆ ಆರೇಳು ವರ್ಷದ ಮಳೆ. ಆಗಸ್ಟಲ್ಲಿ ಜುಲೈಗಿಂತ ಸ್ವಲ್ಪ ತಗ್ಗುತ್ತೆ, ಸೆಪ್ಟೆಂಬರಿಗೆ ಧಡಕ್ಕನೆ ಇಳಿಯುತ್ತೆ, ಅಕ್ಟೋಬರಿಗೆ ಕೆಲವು ನೂರು ಮಿಲಿಮೀಟರಿಗೆ ಬರುತ್ತೆ, ಡಿಸೆಂಬರಿಂದ ಮಾರ್ಚ್ ತನಕ ಹೆಚ್ಚೂಕಮ್ಮಿ ಇಲ್ಲವೇ ಇಲ್ಲ.

ನಮ್ಮಮ್ಮನಿಗೆ ಈ ಮಿಲಿಮೀಟರ್ ಲೆಕ್ಕ ಹೇಳಿದ್ರೆ ತಲೆಗೆ ಹೋಗಲ್ಲ, ನಕ್ಷತ್ರದ ಲೆಕ್ಕ ಹೇಳಿದ್ರೆ ತಕ್ಷಣ ಗೊತ್ತಾಗುತ್ತೆ. ಜೂನ್ ಕೊನೆ ವಾರದ ಆರಿದ್ರದಿಂದ ಹಿಡಿದು ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯೋ ತನಕ, ಅಂದ್ರೆ ಆಗಸ್ಟ್ ಮಧ್ಯದವರೆಗೆ ಮಲೆನಾಡಿನ ಮಳೆ. ಆರಿದ್ರ ಆರದೆ ಹೊಯ್ಯುತ್ತೆ ಅಂತಾರಲ್ಲ, ಅಲ್ಲಿ ಅದು ಅಕ್ಷರಶಃ ನಿಜ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಬರೋ ಹೊತ್ತಿಗೆ ಅವರದ್ದು ಮುಗಿಯೋಕೆ ಬಂದಿರುತ್ತೆ, ನಮ್ಮದು ಶುರು ಆಗಿರುತ್ತೆ. ಅದಕ್ಕೇ ಆಗಸ್ಟ್ 15ರ ರಜ ಇದೆಯಲ್ಲ, ಅದು ಆಶ್ಲೇಷದ ಬಾಲಕ್ಕೆ ಸರಿಯಾಗಿ ಸಿಗುತ್ತೆ.

ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ. ಜುಲೈ ಮಳೆಗೂ ಅಕ್ಟೋಬರ್ ಮಳೆಗೂ ಬರೋ ರೀತಿನೇ ಬೇರೆ. ಜುಲೈದು ಹಗಲು ರಾತ್ರಿ ಅಂತಿಲ್ಲದೆ ಒಂದೇ ಸಮನೆ ಸುರಿಯೋದು, ಮಂಜು ಬೇರೆ, ಸೂರ್ಯಾಸ್ತದ ವ್ಯೂ ಪಾಯಿಂಟಲ್ಲಿ ನಿಂತ್ರೆ ಮುಂದೆ ಬಿಳಿ ಬೆಡ್‌ಶೀಟ್ ಕಟ್ಟಿದ ಹಾಗೆ, ಹತ್ತಡಿ ಆಚೆ ಏನೂ ಕಾಣಲ್ಲ. ಅಕ್ಟೋಬರ್ ಮಳೆ ಹಾಗಲ್ಲ, ಅದು ನಮ್ಮೂರ ಮಳೆ ಥರಾನೇ, ಬೆಳಗ್ಗೆ ಬಿಸಿಲು, ಮಧ್ಯಾಹ್ನ ಮೇಲೆ ಮೋಡ ಕಟ್ಟಿ ಗುಡುಗು ಸಿಡಿಲು, ಒಂದೆರಡು ಗಂಟೆ ಹೊಡೆದು ಬಿಡುತ್ತೆ. ಹಾಗಾಗಿ ಅಕ್ಟೋಬರಲ್ಲಿ "ಮಳೆ ಇದೆ" ಅಂತ ಫೋರ್ಕಾಸ್ಟ್ ತೋರಿಸಿದ್ರೂ ಟ್ರಿಪ್ ಹಾಳಾಯ್ತು ಅಂದ್ಕೋಬೇಕಾಗಿಲ್ಲ, ಬೆಳಗ್ಗೆ ಬೇಗ ಎದ್ದು ಓಡಾಡಿ ಊಟದ ಹೊತ್ತಿಗೆ ವಾಪಸ್ ಬಂದ್ರೆ ಆಯ್ತು. ಬಯಲು ಬಂಡೆ, ಬೆಟ್ಟದ ತುದಿಗೆ ಮಾತ್ರ ಮಧ್ಯಾಹ್ನದ ಮೇಲೆ ಹೋಗ್ಬೇಡಿ, ಸಿಡಿಲಿಗೆ.

ಈಗ ಇಂಬಳ. ನಮ್ಮ ಕಡೆ ಎಲ್ಲಕ್ಕೂ ಜಿಗಣೆ ಅಂತೀವಿ, ಕೆರೇಲಿ ಎಮ್ಮೆ ಮೈಗೆ ಅಂಟೋದು ಅದು. ಮಲೆನಾಡಿನ ಕಾಡಲ್ಲಿ ನೆಲದ ಮೇಲೆ ಇರೋದಕ್ಕೆ ಅವರು ಇಂಬಳ ಅಂತಾರೆ, ಕೆಲವರು ಉಂಬಳ ಅಂತಾರೆ. ನೀರಿಗೆ ಇಳೀದೆ ಇದ್ರೂ ಹತ್ತುತ್ತೆ, ಅದೇ ಫಜೀತಿ. ಬೆಂಕಿಕಡ್ಡಿಗಿಂತ ತೆಳ್ಳಗೆ, ಕಂದು ಬಣ್ಣಕ್ಕೆ, ಹಿಂದೊಂದು ಮುಂದೊಂದು ಅಂಟೋ ಬಟ್ಟಲು, ಹಿಂದಿನದ್ದು ಎಲೆಗೆ ಅಂಟಿಸ್ಕೊಂಡು ಮುಂದಿನ ತುದಿ ಎತ್ತಿ ಗಾಳೀಲಿ ಆ ಕಡೆ ಈ ಕಡೆ ಆಡಿಸ್ತಾ ನಿಂತಿರುತ್ತೆ. ನಾವು ಹತ್ರ ಹೋಗಿ ನಿಂತು ಉಸಿರು ಬಿಟ್ರೆ ಸಾಕು, ನಮ್ಮ ಹೆಜ್ಜೆ ಅದುರು, ಮೈ ಬಿಸಿ, ಉಸಿರಿನ ಗಾಳಿ ಎಲ್ಲ ಅದಕ್ಕೆ ಗೊತ್ತಾಗಿ, ಬಟ್ಟೆ ಅಂಗಡಿಯವನು ಗೇಣು ಹಾಕಿ ಅಳೆಯೋ ಹಾಗೆ ಗೇಣು ಹಾಕ್ಕೊಂಡು ನೆಟ್ಟಗೆ ನಮ್ಮ ಕಡೆಗೇ ಬರುತ್ತೆ. ಒಮ್ಮೆ ಕೂತು ನೋಡಿ, ಹೆದರಿಕೆ ಹೋಗಿ ಸ್ವಲ್ಪ ಮೆಚ್ಚುಗೆನೇ ಬರುತ್ತೆ.

ಅದರ ಇಡೀ ಬದುಕು ನಿಂತಿರೋದು ಒಂದೇ ವಿಷಯದ ಮೇಲೆ, ಮೈ ಒದ್ದೆ ಇರ್ಬೇಕು. ಅದು ಉಸಿರಾಡೋದೇ ಚರ್ಮದಲ್ಲಿ, ಚರ್ಮ ಒಣಗಿದ್ರೆ ಸತ್ತಂಗೆ. ಅದಕ್ಕೇ ಬೇಸಿಗೇಲಿ ಅದು ಎಲ್ಲೂ ಹೋಗಿರಲ್ಲ, ಅಲ್ಲೇ ಮಣ್ಣಿನ ಸಂದೀಲಿ, ಕೊಳೆತ ಮರದ ಅಡೀಲಿ, ದಪ್ಪ ತರಗಿನ ಕೆಳಗೆ ಮುದುರ್ಕೊಂಡು ತಿಂಗಳುಗಟ್ಟಲೆ ಬಿದ್ದಿರುತ್ತೆ. ಮೇ ತಿಂಗಳಲ್ಲಿ ನಾಲ್ಕು ದೊಡ್ಡ ಮಳೆ ಬಿದ್ದು ನೆಲ ನೆನೀತು ಅಂದ್ರೆ ಎದ್ದು ಬರುತ್ತೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಅದಕ್ಕೆ ಇವತ್ತು ಮಳೆ ಬಂತಾ ಇಲ್ವಾ ಮುಖ್ಯ ಅಲ್ಲ, ನೆಲದ ಮೇಲಿನ ಎರಡಿಂಚು ಪದರ ಒದ್ದೆ ಇದೆಯಾ ಇಲ್ವಾ ಅನ್ನೋದು ಮುಖ್ಯ. ಆಗುಂಬೆ ಕಾಡಲ್ಲಿ ಮರಗಳ ತಲೆ ಒಂದಕ್ಕೊಂದು ಸೇರ್ಕೊಂಡಿದೆ, ಬಿಸಿಲು ನೆಲಕ್ಕೆ ಬೀಳೋದೇ ಚೂರು ಚೂರು, ನಾಲ್ಕು ತಿಂಗಳು ನೆನೆದ ತರಗು ಮಳೆ ನಿಂತ ಮೂರು ದಿನಕ್ಕೆ ಒಣಗುತ್ತಾ? ಆಗಲ್ಲ. ಬಿಸಿಲು ಬೀಳೋ ರಸ್ತೆ ಬದಿ, ಬಂಡೆ, ಹುಲ್ಲುಗಾವಲು ಹತ್ತು ಹದಿನೈದು ದಿನಕ್ಕೆ ಒಣಗುತ್ತೆ, ಅಲ್ಲಿ ಇಂಬಳ ಕಮ್ಮಿ ಆಗುತ್ತೆ. ನೆರಳಿನ ಕಾಲ್ದಾರಿಗೆ ತಿಂಗಳು ಬೇಕು. ಹಳ್ಳದ ಪಕ್ಕ ಡಿಸೆಂಬರಿಗೂ ಒಂದೋ ಎರಡೋ ಸಿಗ್ತಾವೆ.

ಮಳೆಗೆ ಮುಂದಿನ ಮೂರು ದಿನದ ಫೋರ್ಕಾಸ್ಟ್ ನೋಡ್ಬೇಕು, ಇಂಬಳಕ್ಕೆ ಹಿಂದಿನ ಹದಿನೈದು ದಿನದ ಮಳೆ ನೋಡ್ಬೇಕು. ನಾವೆಲ್ಲ ಎಡವೋದು ಎರಡಕ್ಕೂ ಫೋರ್ಕಾಸ್ಟೇ ನೋಡಿ.

ನಾನೂ ಹಾಗೇ ಎಡವಿದ್ದು. ಕೆಲವು ವರ್ಷದ ಹಿಂದೆ ದಸರಾ ರಜದಲ್ಲಿ ನಾನು, ನಮ್ಮ ಭಾವ, ಅವರ ಇಬ್ಬರು ಮಕ್ಕಳು ಹೋದ್ವಿ. ಹೊರಡೋಕೆ ಮುಂಚೆ ಫೋರ್ಕಾಸ್ಟ್ ನೋಡಿದ್ರೆ ಮೂರೂ ದಿನ ಬಿಸಿಲಿನ ಚಿತ್ರ. ಉಳ್ಕೊಳ್ಳೋ ಜಾಗದವರಿಗೆ ಫೋನ್ ಮಾಡಿ ಇಂಬಳ ಇದೆಯಾ ಅಂದ್ರೆ "ಇಲ್ಲ ಸಾರ್, ಮಳೆ ನಿಂತು ನಾಲ್ಕು ದಿನ ಆಯ್ತು, ಧೈರ್ಯವಾಗಿ ಬನ್ನಿ" ಅಂದ್ರು, ಅವರು ಬಿಸಿನೆಸ್ ಮಾಡ್ಬೇಕಲ್ಲ. ನಾನು ಚಪ್ಪಲಿ ಹಾಕ್ಕೊಂಡು, ಭಾವ ತ್ರೀ ಫೋರ್ತ್ ಚಡ್ಡಿ ಹಾಕ್ಕೊಂಡು ಜೋಗಿಗುಂಡಿ ಜಲಪಾತದ ಕಡೆ ಕಾಡುದಾರೀಲಿ ಇಳಿದ್ವಿ. ಆಕಾಶ ನೀಲಿ, ಒಂದು ಹನಿ ಇಲ್ಲ. ನೀರಿನ ಹತ್ರ ಹೋಗಿ ಕೂತಾಗ ಚಿಕ್ಕವನು "ಮಾಮ, ನಿನ್ನ ಕಾಲಲ್ಲಿ ಕುಂಕುಮ" ಅಂದ. ನೋಡಿದ್ರೆ ಬೆರಳ ಸಂದೀಲಿ ಮೂರು, ಹಿಮ್ಮಡಿ ಮೇಲೆ ಎರಡು, ದ್ರಾಕ್ಷಿ ಗಾತ್ರಕ್ಕೆ ಊದಿ ಕೂತಿವೆ, ನನಗೆ ನೋವೂ ಇಲ್ಲ ಗೊತ್ತೂ ಇಲ್ಲ. ಭಾವನಿಗೆ ಎಣಿಸಿದ್ದು ಹನ್ನೊಂದು. ಆಮೇಲೆ ಊರಲ್ಲಿ ಟೀ ಅಂಗಡಿ ಹೆಂಗಸು ನಮ್ಮ ಕಾಲು ನೋಡಿ ನಕ್ಕು, "ಎಂತ ಮಾರಾಯ್ರೆ, ಮಳೆ ಸುರಿಯುವಾಗ ಅವೂ ಹೊರಗೆ ಬರೂದಿಲ್ಲ, ಹೊಳವಾದ ಮೇಲೇ ಅವಕ್ಕೆ ಹಬ್ಬ" ಅಂದ್ರು. ಆ ಒಂದು ಮಾತು ಆವತ್ತೇ ಮುಂಚೆ ಸಿಕ್ಕಿದ್ರೆ ಶೂ ಹಾಕ್ಕೊಂಡಿರ್ತಿದ್ದೆ.

ಕಚ್ಚಿದ್ರೆ ಏನಾಗುತ್ತೆ ಅಂದ್ರೆ ದೊಡ್ಡದೇನೂ ಆಗಲ್ಲ, ಅಸಹ್ಯ ಜಾಸ್ತಿ, ಅಪಾಯ ಕಮ್ಮಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ರಸ ಬಿಟ್ಟಿರುತ್ತೆ, ಅದಕ್ಕೆ ಅದು ಬಿದ್ದು ಹೋದ್ಮೇಲೂ ಒಂದೆರಡು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹೊತ್ತು ರಕ್ತ ಜಿನುಗ್ತಾನೇ ಇರುತ್ತೆ, ನೋಡೋರಿಗೆ ಗಾಬರಿ ಆಗುತ್ತೆ, ಹೋಗೋದು ಮಾತ್ರ ಸ್ವಲ್ಪವೇ ರಕ್ತ. ಉಗುರನ್ನ ಅದರ ಬಾಯಿ ಅಂಟಿರೋ ಕಡೆ ಚರ್ಮಕ್ಕೆ ಸವರಿ ಪಕ್ಕಕ್ಕೆ ತಳ್ಳಿದ್ರೆ ಬಿಡುತ್ತೆ, ಸೋಪು ಹಾಕಿ ತೊಳೆದು ಬಟ್ಟೆ ಇಟ್ಟು ಒತ್ತಿ ಹಿಡೀರಿ. ಬೀಡಿಯಿಂದ ಸುಡೋದು, ಉಪ್ಪು ಸುರಿಯೋದು ಮಾಡಿದ್ರೆ ಅದು ಹೊಟ್ಟೇಲಿರೋದನ್ನ ಗಾಯದೊಳಗೇ ಕಕ್ಕೋ ಸಾಧ್ಯತೆ ಇರುತ್ತೆ, ಹಾಗಾಗಿ ಬೇಡ. ಆಮೇಲೆ ಒಂದು ವಾರ ನವೆ ಇರುತ್ತೆ, ಕೆರೆದು ಕೆರೆದು ಹುಣ್ಣು ಮಾಡ್ಕೊಳ್ಳೋರೇ ಜಾಸ್ತಿ. ಹಾರ್ಟಿಗೆ ಅಂತ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಮಾತ್ರ ಇಂಬಳದ ಕಾಲದಲ್ಲಿ ಕಾಡೊಳಗೆ ಹೋಗದೆ ಇರೋದೇ ವಾಸಿ, ಅವರಿಗೆ ಆ ಜಿನುಗು ಸುಲಭಕ್ಕೆ ನಿಲ್ಲಲ್ಲ.

ಇಷ್ಟು ಕೇಳಿದ್ಮೇಲೆ ಎಲ್ರೂ ಹೇಳೋದು ಒಂದೇ, ಹಾಗಾದ್ರೆ ಫೆಬ್ರವರಿ ಮಾರ್ಚಲ್ಲಿ ಹೋಗೋಣ, ಮಳೆನೂ ಇಲ್ಲ ಇಂಬಳನೂ ಇಲ್ಲ. ಸರಿ, ಇಂಬಳ ಇರಲ್ಲ. ಆದ್ರೆ ನೆಲ ಒಣಗಿದ್ರೆ ಎದ್ದು ಬರೋದು ಇನ್ನೊಂದಿದೆ, ಉಣುಗು, ನಮ್ಮ ಕಡೆ ದನದ ಮೈಮೇಲೆ ಉಣ್ಣೆ ಅಂತೀವಲ್ಲ ಆ ಜಾತಿ. ಮಂಗನ ಕಾಯಿಲೆ ಹರಡೋದು ಈ ಉಣುಗಿನ ಮರಿಗಳಿಂದ, ಎಳ್ಳಿನಷ್ಟೂ ಇರಲ್ಲ ಅವು, ಕಣ್ಣಿಗೆ ಕಾಣಲ್ಲ. ಈ ಕಾಯಿಲೆನ ಮೊದಲು ಗುರುತಿಸಿದ್ದೇ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ, ಅದಕ್ಕೇ ಡಾಕ್ಟರುಗಳು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆ.ಎಫ್.ಡಿ. ಅಂತ ಆ ಊರಿನ ಹೆಸರಲ್ಲೇ ಕರೀತಾರೆ. ಆಗುಂಬೆ ಸೇರಿರೋ ತೀರ್ಥಹಳ್ಳಿ ತಾಲೂಕಲ್ಲೂ ಕೇಸ್ ಬರ್ತಾ ಇರ್ತವೆ. ಡಿಸೆಂಬರಿಂದ ಮೇ ತನಕ ಅದರ ಕಾಲ, ಜನವರಿಯಿಂದ ಏಪ್ರಿಲ್ ಮಧ್ಯೆ ಜಾಸ್ತಿ, ಮಳೆ ಹಿಡಿದ ಮೇಲೆ ನಿಲ್ಲುತ್ತೆ. ನೋಡಿ, ಇಂಬಳ ಒದ್ದೆ ನೆಲದ್ದು, ಉಣುಗಿನ ಮರಿ ಒಣ ನೆಲದ್ದು, ಒಂದು ಕೆಳಗೆ ಹೋದ್ರೆ ಇನ್ನೊಂದು ಮೇಲೆ ಬರುತ್ತೆ, ತಕ್ಕಡಿ ಥರ. ಎರಡರಲ್ಲಿ ಇಂಬಳ ರಕ್ತ ಕುಡಿದು ಹೋಗುತ್ತೆ, ಉಣುಗು ಜ್ವರ ಕೊಟ್ಟು ಹೋಗ್ಬಹುದು. ಪ್ರವಾಸಿಗರು ಕೇಳೋದೆಲ್ಲ ಮೊದಲನೇದರ ಬಗ್ಗೆ, ಎರಡನೇದರ ಹೆಸರೇ ಗೊತ್ತಿರಲ್ಲ, ನನಗೆ ಇದು ಯಾವಾಗ್ಲೂ ವಿಚಿತ್ರ ಅನ್ಸುತ್ತೆ.

ಹಾಗಂತ ಬೇಸಿಗೇಲಿ ಹೋಗ್ಲೇಬೇಡಿ ಅಂತಲ್ಲ. ರಸ್ತೇಲಿ, ಊರಲ್ಲಿ, ವ್ಯೂ ಪಾಯಿಂಟಲ್ಲಿ ಓಡಾಡೋರಿಗೆ ಏನೂ ತೊಂದರೆ ಇಲ್ಲ. ಒಣ ತರಗಿನ ಮೇಲೆ ಟವೆಲ್ ಹಾಸ್ಕೊಂಡು ಮಲಗೋದು, ಚಡ್ಡೀಲಿ ಕಾಡೊಳಗೆ ನುಗ್ಗೋದು ಬೇಡ, ಪ್ಯಾಂಟ್ ತುದಿನ ಸಾಕ್ಸ್ ಒಳಗೆ ಸೇರಿಸಿ, ವಾಪಸ್ ಬಂದ ತಕ್ಷಣ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ ಮೈ ಉಜ್ಜಿ ಸ್ನಾನ ಮಾಡಿ. ಅಲ್ಲಿನ ಜನ ಉಣುಗು ಹತ್ತದೇ ಇರ್ಲಿ ಅಂತ ಆರೋಗ್ಯ ಇಲಾಖೆ ಕೊಡೋ ಡೆಪಾ ಎಣ್ಣೆ ಹಚ್ಕೊಂಡು ಕಾಡಿಗೆ ಹೋಗ್ತಾರೆ. ಯಾವ ಊರ ಹತ್ರ ಮಂಗ ಸತ್ತಿದೆ ಅಂತ ಸುದ್ದಿ ಇದೆಯೋ ಆ ಕಾಡಿನ ಕಡೆ ಹೋಗ್ಬಾರ್ದು, ಸತ್ತ ಮಂಗನ ಮೈಯಿಂದ ಉದುರಿದ ಉಣುಗು ಅಲ್ಲೇ ಸುತ್ತ ಇರ್ತವೆ. ಮನೆಗೆ ಬಂದು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದ್ರೆ ಡಾಕ್ಟರ್ ಹತ್ರ "ಮಲೆನಾಡಿಗೆ ಹೋಗಿದ್ದೆ" ಅಂತ ನೀವಾಗೇ ಹೇಳಿ, ತುಮಕೂರಲ್ಲಿ ಕೂತ ಡಾಕ್ಟರಿಗೆ ಅದು ಹೊಳೆಯೋಕೆ ಕಾರಣನೇ ಇರಲ್ಲ. ಮತ್ತೆ ಫೆಬ್ರವರಿಯಿಂದ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆಯವರು ಕೆಲವು ಚಾರಣದ ದಾರಿ ಮುಚ್ತಾರೆ, ಮಳೆ ಜೋರಿದ್ದಾಗ ಒನಕೆ ಅಬ್ಬಿ, ಬರ್ಕಣ ಜಲಪಾತಗಳ ಕಡೆಗೂ ಬಿಡಲ್ಲ, ಹೊರಡೋ ಮುಂಚೆ ಕೇಳ್ಕೊಳ್ಳಿ. ಏಪ್ರಿಲ್ ಮೇ ಅಂತೂ ಸೆಕೆ, ಜಲಪಾತದಲ್ಲಿ ನೀರಿರಲ್ಲ, ಮಕ್ಕಳಿಗೆ ಬೇಸಿಗೆ ರಜ ಅನ್ನೋದು ಬಿಟ್ರೆ ಹೋಗೋಕೆ ಬೇರೆ ಕಾರಣ ಕಾಣಲ್ಲ, ಕಾಳಿಂಗ ಸರ್ಪ ತರಗು ಗುಡ್ಡೆ ಹಾಕಿ ಗೂಡು ಕಟ್ಟೋ ಕಾಲ ಅದು ಅಂತ ಹಾವಿನ ಹುಚ್ಚಿರೋರಿಗೆ ಬೇರೆ ಮಾತು.

ಹಾಗಾದ್ರೆ ಯಾವಾಗ? ಇದನ್ನ ನಮ್ಮನೇಲಿ ಒಂದು ಸಲ ಕೂತು ಬಗೆಹರಿಸಿದ ಕಥೆ ಹೇಳ್ತೀನಿ, ಯಾಕಂದ್ರೆ ಒಬ್ಬೊಬ್ರಿಗೆ ಒಂದೊಂದು ಬೇಕು. ಅಮ್ಮನಿಗೆ ಶೃಂಗೇರಿ ಆಗ್ಬೇಕು, ಕುಂದಾದ್ರಿ ಮೆಟ್ಟಿಲು ಹತ್ತೋ ಹಾಗಿರ್ಬೇಕು, ಕಾಲು ಜಾರಬಾರ್ದು. ಅಕ್ಕನಿಗೆ ಜಲಪಾತದಲ್ಲಿ ನೀರು ಇರ್ಬೇಕು, ಬರೀ ಬಂಡೆ ನೋಡೋಕೆ ಮುನ್ನೂರು ಕಿಲೋಮೀಟರ್ ಯಾಕೆ, ಅಂತರಗಂಗೆಗೋ ದೇವರಾಯನದುರ್ಗಕ್ಕೋ ಹೋದ್ರೆ ಆಗಲ್ವಾ ಅಂತಾಳೆ. ಭಾವನಿಗೆ ಹನ್ನೊಂದು ಇಂಬಳ ಇನ್ನೂ ಮರ್ತಿಲ್ಲ. ಮಕ್ಕಳಿಗೆ ಸೂರ್ಯಾಸ್ತ. ಈ ನಾಲ್ಕನ್ನೂ ಒಂದು ಕಾಗದದ ಮೇಲೆ ಬರ್ಕೊಂಡು ರಜ ಇರೋ ದಿನಗಳ ಮೇಲೆ ಇಟ್ಟು ನೋಡಿದ್ವಿ.

ಆಗಸ್ಟ್ 15: ನೀರು ಬೇಕಾದಷ್ಟು, ಉಳಿದ ಮೂರೂ ಔಟ್. ದಸರಾ: ನೀರು ಇದೆ, ಸೂರ್ಯಾಸ್ತ ಅದೃಷ್ಟ ಇದ್ರೆ, ಇಂಬಳ ಖಂಡಿತ. ಡಿಸೆಂಬರ್ ಕೊನೆ: ಸೂರ್ಯಾಸ್ತ ಚೆನ್ನಾಗಿರುತ್ತೆ, ಇಂಬಳ ಇಲ್ಲದಷ್ಟೇ, ನೀರು ಬಡವಾಗಿರುತ್ತೆ, ಅದಕ್ಕಿಂತ ಕ್ರಿಸ್ಮಸ್ ರಜದ ಬೆಂಗಳೂರಿನ ಕಾರುಗಳು, ಘಾಟಿಯ ತಿರುವಲ್ಲಿ ಒಂದು ಗಂಟೆ ನಿಂತ್ಕೋಬೇಕು. ಸಂಕ್ರಾಂತಿ: ನೀರು ಇನ್ನೂ ಕಮ್ಮಿ, ಉಣುಗಿನ ಕಾಲ ಬೇರೆ. ಕೊನೆಗೆ ಉಳಿದಿದ್ದು ನವೆಂಬರ್ ಎರಡನೇ ವಾರದಿಂದ ಡಿಸೆಂಬರ್ ಮೊದಲ ವಾರದ ತನಕ, ಅಮ್ಮನ ಲೆಕ್ಕದಲ್ಲಿ ಸ್ವಾತಿ ಕಳೆದು ವಿಶಾಖ, ಅನುರಾಧ ನಡೀತಿರೋ ಹೊತ್ತು. ಮಳೆ ಹಿಂದೆ ಸರಿದು ಮೂರು ನಾಲ್ಕು ವಾರ ಆಗಿರುತ್ತೆ, ಬಿಸಿಲಿನ ದಾರಿ ಒಣಗಿರುತ್ತೆ, ಕಾಡು ಕುಡಿದ ನೀರು ಇನ್ನೂ ಹಳ್ಳಕ್ಕೆ ಬಿಡ್ತಾನೇ ಇರುತ್ತೆ, ಅದೇ ಮಳೆಕಾಡಿನ ಗುಣ, ಸ್ಪಂಜ್ ಥರ ಹಿಡ್ಕೊಂಡು ನಿಧಾನಕ್ಕೆ ಬಿಡುತ್ತೆ, ಹಾಗಾಗಿ ಮಳೆ ನಿಂತ್ರೂ ಜಲಪಾತ ತಕ್ಷಣ ನಿಲ್ಲಲ್ಲ. ಆಕಾಶ ತೊಳೆದಿಟ್ಟ ಹಾಗಿರುತ್ತೆ, ಉಣುಗು ಇನ್ನೂ ಏರಿರಲ್ಲ. ನಾಲ್ಕರಲ್ಲಿ ಯಾವುದೂ ನೂರಕ್ಕೆ ನೂರು ಸಿಗಲ್ಲ, ಎಲ್ಲವೂ ಎಪ್ಪತ್ತು ಎಂಬತ್ತು ಸಿಗುತ್ತೆ. ಸ್ಕೂಲ್ ರಜ ಇಲ್ಲ ಅನ್ನೋದೊಂದೇ ತೊಡಕು, ಶನಿವಾರದ ಜೊತೆ ಸೋಮವಾರ ಒಂದು ದಿನ ಮಕ್ಕಳಿಗೆ ಜ್ವರ ಬರಿಸಿದ್ವಿ.

ಆದ್ರೆ ನವೆಂಬರ್ ಅಂತ ಕಣ್ಮುಚ್ಚಿ ಬುಕ್ ಮಾಡೋ ಹಾಗಿಲ್ಲ. ಅರಬ್ಬಿ ಸಮುದ್ರದಲ್ಲಿ ಅಕ್ಟೋಬರ್ ನವೆಂಬರಲ್ಲಿ ಚಂಡಮಾರುತ ಎದ್ರೆ ಲೆಕ್ಕ ಎಲ್ಲ ತಲೆಕೆಳಗು, 2019ರ ಅಕ್ಟೋಬರ್ ಕೊನೇಲಿ ಕ್ಯಾರ್ ಚಂಡಮಾರುತ ಬಂದಾಗ ಕರಾವಳೀಲಿ ಜೋರು ಮಳೆ ಆಗಿತ್ತು. ಅಂಥ ವರ್ಷ ಇಂಬಳದ ಕ್ಯಾಲೆಂಡರ್ ಎರಡು ಮೂರು ವಾರ ಮುಂದಕ್ಕೆ ಹೋಗುತ್ತೆ ಅಷ್ಟೇ. ಅದನ್ನ ಗೊತ್ತು ಮಾಡ್ಕೊಳ್ಳೋದು ಸುಲಭ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿ ಲೆಕ್ಕದಲ್ಲಿ ಮಳೆ ವಿವರ ಕೊಡ್ತಾರೆ, ರೈತರು ನೋಡೋದು ಅದೇ, ಆಗುಂಬೆನೂ ಒಂದು ಹೋಬಳಿ. ನಾವು ಹೊರಡೋ ಹದಿನೈದು ದಿನ ಮುಂಚೆಯಿಂದ ಭಾವ ದಿನಾ ಅದನ್ನ ಬರೆದಿಟ್ಟರು. ಮೊದಲ ವಾರದಲ್ಲಿ ಒಂದು ಸಂಜೆ ಮಾತ್ರ ಒಳ್ಳೆ ಮಳೆ, ಆಮೇಲೆ ಒಂಬತ್ತು ದಿನ ಸೊನ್ನೆ. ಅಂದ್ರೆ ಬಿಸಿಲಿನ ದಾರಿ ಸೇಫ್, ನೆರಳಲ್ಲಿ ಸ್ವಲ್ಪ ಇರ್ಬಹುದು ಅಂತ ಅಂದಾಜು ಮಾಡಿದ್ವಿ. ಇದೇ ಹದಿನೈದು ದಿನದಲ್ಲಿ ದಿನ ಬಿಟ್ಟು ದಿನ ಮಳೆ ಇದ್ದಿದ್ರೆ ಒಂದು ವಾರ ಮುಂದೂಡ್ತಿದ್ವಿ. ಫೋರ್ಕಾಸ್ಟಲ್ಲಿ ಆರೆಂಜ್ ಅಲರ್ಟ್ ಅಂತ ಬಂದಿದ್ರೆ ಕ್ಯಾನ್ಸಲ್ಲೇ, ಯಾಕಂದ್ರೆ ಅದು ಒಂದು ದಿನಕ್ಕೆ 115 ಮಿಲಿಮೀಟರ್ ಮೇಲೆ ಮಳೆ ಬರ್ಬಹುದು ಅನ್ನೋ ಎಚ್ಚರಿಕೆ, ಘಾಟಿ ರಸ್ತೇಲಿ ಮಣ್ಣು ಜರಿಯೋದು ಅಂಥ ದಿನಾನೇ.

ಬಿ.ಹೆಚ್. ರೋಡ್ ಹಿಡ್ಕೊಂಡು ಹೊರಟ್ವಿ. ನಮ್ಮೂರ ಮಧ್ಯೆ ಹೋಗೋ ಈ ರಸ್ತೆ ಹೆಸರಲ್ಲಿರೋ ಬಿ.ಹೆಚ್. ಅಂದ್ರೆ ಬೆಂಗಳೂರು ಹೊನ್ನಾವರ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ, ಮಲೆನಾಡಿಗೆ ಹೋಗೋಕೆ ಅಂತಲೇ ಇರೋ ದಾರಿ ಅದು. ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿ. ತೀರ್ಥಹಳ್ಳಿ ದಾಟಿದ ಮೇಲೆ ಗಾಳಿಯ ವಾಸನೆನೇ ಬದಲಾಗುತ್ತೆ, ಹಸಿ ಮಣ್ಣು, ಕೊಳೆತ ಎಲೆ.

ಕಾಡೊಳಗೆ ಇಳಿಯೋಕೆ ಮುಂಚೆ ಈ ಸಲ ಒಂದು ಪರೀಕ್ಷೆ ಮಾಡಿದ್ವಿ, ಇದು ಆ ಟೀ ಅಂಗಡಿಯವರೇ ಹೇಳಿಕೊಟ್ಟಿದ್ದು. ದಾರಿ ಪಕ್ಕದ ತರಗಿನ ಮೇಲೆ ಕಾಲಿಡಿ. ಕರಕರ ಸದ್ದು ಬಂದ್ರೆ ಇಂಬಳ ಇಲ್ಲ. ಸದ್ದೇ ಬರ್ದೆ ಕಾಲು ಮೆತ್ತಗೆ ಇಳಿದ್ರೆ ಒಂದು ಹಿಡಿ ತರಗನ್ನ ಕಡ್ಡೀಲಿ ಎತ್ತಿ ತಿರುಗಿಸಿ ನೋಡಿ, ಎಲೆಗಳು ದೋಸೆ ಥರ ಒಂದಕ್ಕೊಂದು ಅಂಟ್ಕೊಂಡಿದ್ರೆ ಇವೆ ಅಂತ ಅರ್ಥ, ಆಮೇಲೆ ಅಲ್ಲೇ ಎರಡು ನಿಮಿಷ ಅಲ್ಲಾಡದೆ ನಿಂತು ಶೂ ಕಡೆ ನೋಡ್ತಿರಿ, ಇದ್ರೆ ಬಂದೇ ಬರ್ತವೆ. ಜೋಗಿಗುಂಡಿ ದಾರಿ ಮೊದಲರ್ಧ ಕರಕರ ಅಂತು. ನೀರಿಗೆ ಇಳಿಯೋ ಕೊನೇ ತುಂಡು, ನೆರಳಿರೋದು, ಮೆತ್ತಗಿತ್ತು. ಅಲ್ಲಿ ಎಲ್ರೂ ಒತ್ತಾಗಿ ನೇಯ್ದ ಬಟ್ಟೆಯ ಉದ್ದ ಸಾಕ್ಸ್ ಮೊಣಕಾಲ ತನಕ ಎಳ್ಕೊಂಡ್ವಿ, ಪ್ಯಾಂಟ್ ಮೇಲೆ, ಒಳಗಲ್ಲ. ಮಾಮೂಲಿ ಹೆಣೆದ ಸಾಕ್ಸ್ ಆದ್ರೆ ಪ್ರಯೋಜನ ಇಲ್ಲ, ಆ ತೂತಲ್ಲೇ ಮೂತಿ ತೂರಿಸುತ್ತೆ. ಶೂ ಮೇಲೆ ಹೊಗೆಸೊಪ್ಪು ನೆನೆಸಿದ ನೀರು ಸವರಿದ್ವಿ, ಒಣ ದಾರೀಲಿ ಅದು ನಿಲ್ಲುತ್ತೆ, ಮಳೇಲಿ ತೊಳೆದು ಹೋಗುತ್ತೆ. ಮತ್ತೆ ಸಾಲಾಗಿ ಹೋಗುವಾಗ ಹಿಂದಿರೋರಿಗೆ ಜಾಸ್ತಿ ಹತ್ತುತ್ತೆ, ಮುಂದಿನವನ ಹೆಜ್ಜೆಗೆ ಎದ್ದಿದ್ದು ಹಿಂದಿನವನಿಗೆ ಸಿಗುತ್ತೆ, ಅದಕ್ಕೆ ನಿಲ್ಲದೆ ನಡೀಬೇಕು, ಫೋಟೋಗೆ ನಿಲ್ಲೋದು ಬಂಡೆ ಮೇಲೆ.

ಅಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗಲಿಲ್ಲ, ಅವರಿಗೆ ಕುಂದಾದ್ರಿ. ಬಂಡೆ ಬೆಟ್ಟ, ಮೇಲೆ ಬಸದಿ, ಬಿಸಿಲು ನೇರ ಬೀಳುತ್ತೆ, ಮಳೆ ನಿಂತ ಮೇಲೆ ಇಂಬಳಕ್ಕೆ ಅಲ್ಲಿ ಜಾಗನೇ ಇಲ್ಲ. ಕಾರು ಬಹಳ ಮೇಲಿನ ತನಕ ಹೋಗುತ್ತೆ, ಕೊನೆಗೆ ಮೆಟ್ಟಿಲು. ಇಂಬಳದ ಭಯ ಇರೋರು ಯಾವ ತಿಂಗಳಾದ್ರೂ ಇಂಥ ಬೋಳು ಬಂಡೆ ಜಾಗ ಮೊದಲು ಇಟ್ಕೊಳ್ಳಿ, ಹಳ್ಳದ ಪಕ್ಕದ್ದು ಕೊನೆಗೆ.

ಸಂಜೆ ಸೂರ್ಯಾಸ್ತದ ಹತ್ರ ನಿಂತಾಗ ಲೆಕ್ಕ ಹಾಕಿದ್ವಿ. ಜೋಗಿಗುಂಡಿಗೆ ಇಳಿದ ಐದು ಜನಕ್ಕೆ ಒಟ್ಟು ಮೂರು ಇಂಬಳ, ಮೂರೂ ಸಾಕ್ಸ್ ಮೇಲೇ ಸಿಕ್ಕಿಬಿದ್ದವು, ಒಂದೂ ಕಚ್ಚಲಿಲ್ಲ. ನೀರು ಅಕ್ಕ ಅಂದ್ಕೊಂಡಷ್ಟು ಇರ್ಲಿಲ್ಲ, "ಫೋಟೋದಲ್ಲಿ ಇನ್ನೂ ದಪ್ಪ ಇತ್ತು" ಅಂತ ವಾಪಸ್ ಬರೋ ತನಕ ಅಂದ್ಲು. ಭಾವ ಮಾತ್ರ ಸೂರ್ಯನ್ನ ನೋಡೋದು ಬಿಟ್ಟು ಕತ್ತಲಾಗೋ ತನಕ ಬಗ್ಗಿ ಬಗ್ಗಿ ಶೂ ನೋಡ್ಕೊಳ್ತಾನೇ ಇದ್ರು.